ಸ್ಟೆಪ್ನಿ ಗೆಳೆತನ

ಕಾರಿನ ಡಿಕ್ಕಿಯಲ್ಲಿರುವ ಸ್ಟೆಪ್ನಿ ಟೈರಿನ ಮೇಲೆ ಯಾರಿಗೂ ಸಿಟ್ಟಿಲ್ಲ. ಅದು ಇರಬೇಕು, ಅದರಲ್ಲಿ ಗಾಳಿಯೂ ಇರಬೇಕು. ಆದರೆ ಉಳಿದ ನಾಲ್ಕು ಚಕ್ರ ಸರಿಯಾಗಿ ಓಡುವಷ್ಟು ದಿನ ಅದರ ನೆನಪು ಬರುವುದಿಲ್ಲ. ಕೆಲವರು ಸ್ನೇಹಿತರನ್ನೂ ಹೀಗೇ ಇಟ್ಟುಕೊಂಡಿರುತ್ತಾರೆ. ಜಗಳವಿಲ್ಲ, ದೂರವಾಗುವ ಮಾತಿಲ್ಲ, ಹುಟ್ಟುಹಬ್ಬಕ್ಕೆ ತಪ್ಪದೆ ಮೆಸೇಜ್ ಬರುತ್ತದೆ. ಭಾನುವಾರ ಸಿಗೋಣ ಎಂದರೆ ‘ಪಕ್ಕಾ’ ಎಂಬ ಉತ್ತರವೂ ಬರುತ್ತದೆ. ಭಾನುವಾರ ಬಂದಾಗ ಮಾತ್ರ ಅವರಿಗೆ ತಲೆನೋವು, ನೆಂಟರು, ಆಫೀಸಿನ ಅರ್ಜೆಂಟು. ರಾತ್ರಿ ನೋಡಿದರೆ ಅವರು ಬೇರೆಯವರ ಜೊತೆ ಊಟಕ್ಕೆ ಹೋದ ಫೋಟೊ ಸ್ಟೇಟಸ್‌ನಲ್ಲಿರುತ್ತದೆ.

ಹೀಗೆ ಒಮ್ಮೆ ಆದರೆ ಅದು ಏನನ್ನೂ ಹೇಳುವುದಿಲ್ಲ. ಎರಡು ಸಲ ಆದರೂ ಅಷ್ಟೇ. ತೊಂದರೆ ಇರುವುದು ಮೂರನೆಯ, ನಾಲ್ಕನೆಯ ಸಲದಲ್ಲಿ. ಅಷ್ಟು ಹೊತ್ತಿಗೆ ಮನಸ್ಸಿನಲ್ಲಿ ಎರಡು ದನಿಗಳು ಎದ್ದಿರುತ್ತವೆ. ‘ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ’ ಎನ್ನುತ್ತದೆ ಒಂದು. ‘ಪಾಪ, ಅವರಿಗೆ ನಿಜವಾಗಿಯೂ ಏನೋ ತೊಂದರೆ, ನೀನೇ ಸಣ್ಣ ಮನಸ್ಸು ಮಾಡುತ್ತಿದ್ದೀಯ’ ಎನ್ನುತ್ತದೆ ಇನ್ನೊಂದು. ಎರಡರಲ್ಲಿ ಯಾವುದು ಸರಿ ಎಂದು ತಿಳಿಯಲು ದಾರಿಯಿದೆ. ಅದಕ್ಕೆ ಎದುರಿನವರ ಮನಸ್ಸನ್ನು ಓದಬೇಕಿಲ್ಲ, ಬೇಹುಗಾರಿಕೆಯೂ ಬೇಡ. ನಡೆದದ್ದನ್ನು ಸಾಲಾಗಿ ಜೋಡಿಸಿ ನೋಡಿದರೆ ಸಾಕು.

ನನ್ನ ಅಕ್ಕನ ಮಗಳ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಜಯನಗರದಲ್ಲಿ ಪಿ.ಜಿ.ಯಲ್ಲಿದ್ದು ಕೆಲಸಕ್ಕೆ ಹೋಗುವ ಹುಡುಗಿ. ಅವಳಿಗೊಬ್ಬಳು ಗೆಳತಿ. ಕಾಲೇಜು ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು, ಈಗ ಒಂದೇ ಊರಿನಲ್ಲಿ ಎರಡು ಬೇರೆ ಬೇರೆ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಒಂದು ಶನಿವಾರ ಇಬ್ಬರಿಗೂ ರಂಗಶಂಕರದಲ್ಲಿ ಸಂಜೆ 7.30ರ ನಾಟಕಕ್ಕೆ ಟಿಕೆಟ್ ಇತ್ತು. ಅಲ್ಲಿ ನಾಟಕ ಸಮಯಕ್ಕೆ ಸರಿಯಾಗಿ ಶುರುವಾಗುತ್ತದೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಇವಳು ಮುಂಚೆಯೇ ಹೋಗಿ ಕೂತಿದ್ದಳು. 6.20ಕ್ಕೆ ಮೆಸೇಜ್ ಬಂತು: ‘ಸಾರಿ ಕಣೇ, ತಲೆ ಸಿಡೀತಿದೆ. ನೀನು ನೋಡ್ಕೊಂಡು ಬಾ, ಹೇಗಿತ್ತು ಅಂತ ಹೇಳು.’ ನಾಟಕ ಮುಗಿಸಿ ಹೊರಬಂದು ಫೋನ್ ಆನ್ ಮಾಡಿದರೆ, ಚರ್ಚ್ ಸ್ಟ್ರೀಟಿನಲ್ಲಿ ಆಫೀಸಿನವರ ಗುಂಪಿನ ನಡುವೆ ಗೆಳತಿ ನಗುತ್ತ ನಿಂತಿದ್ದ ಫೋಟೊ. ಅವಳು ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ‘ಚಿಕ್ಕಮ್ಮ, ಅವಳಿಗೆ ನಾನು ಇಷ್ಟವೇ ಇಲ್ವಾ?’

ಇಷ್ಟದ ಪ್ರಶ್ನೆಯೇ ಅಲ್ಲ

ಸಾಮಾನ್ಯವಾಗಿ ಎಲ್ಲರೂ ಕೇಳಿಕೊಳ್ಳುವುದು ಈ ಪ್ರಶ್ನೆಯನ್ನೇ. ಅದರಿಂದ ಉತ್ತರ ಸಿಗುವುದಿಲ್ಲ. ಯಾಕೆಂದರೆ ನಿಮ್ಮನ್ನು ಇಷ್ಟಪಡುವುದು ಮತ್ತು ನಿಮಗೆ ಕೊಟ್ಟ ಮಾತಿಗೆ ನಿಲ್ಲುವುದು ಎರಡೂ ಬೇರೆ ಬೇರೆ ಲೆಕ್ಕಗಳು.

ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದವರು ಜಾನ್ ಥಿಬೊ ಮತ್ತು ಹೆರಾಲ್ಡ್ ಕೆಲ್ಲಿ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು. 1959ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಮನುಷ್ಯರು ಸಂಬಂಧಗಳನ್ನು ಎರಡು ಅಳತೆಗಳಿಂದ ತೂಗುತ್ತಾರೆ ಎಂಬ ಮಾತಿದೆ. ಈ ಸಂಬಂಧದಿಂದ ನಾನು ಬಯಸಿದಷ್ಟು ಸಿಗುತ್ತಿದೆಯೇ ಎಂಬುದು ಮೊದಲನೆಯದು. ಇದನ್ನು ಬಿಟ್ಟರೆ ಬೇರೆಲ್ಲಿ ಏನು ಸಿಗುತ್ತದೆ ಎಂಬುದು ಎರಡನೆಯದು. ಖುಷಿ ಮೊದಲ ಅಳತೆಯಿಂದ ಬರುತ್ತದೆ, ಉಳಿಯುವುದೋ ಬಿಡುವುದೋ ಎಂಬ ತೀರ್ಮಾನ ಎರಡನೆಯದರಿಂದ. ಹಾಗಾಗಿ ಒಬ್ಬರ ಜೊತೆ ನಿಜವಾಗಿಯೂ ಖುಷಿಯಾಗಿದ್ದುಕೊಂಡೇ, ಬೇರೆ ಕಡೆ ಇನ್ನೂ ಹೆಚ್ಚಿನದು ಕಂಡಾಗ ಅವರನ್ನು ಬಿಟ್ಟು ಏಳಲು ಸಾಧ್ಯವಿದೆ. ಥಿಬೊ, ಕೆಲ್ಲಿ ಮಾತಾಡಿದ್ದು ಸಂಬಂಧಗಳ ಬಗ್ಗೆ. ಒಂದು ಶನಿವಾರ ಸಂಜೆಗೂ ಅದೇ ಲೆಕ್ಕ ಒಪ್ಪುತ್ತದೆ.

ಈ ಲೆಕ್ಕದಲ್ಲಿ ಇನ್ನೊಂದು ಅಂಶವೂ ಸೇರುತ್ತದೆ, ಬಿಟ್ಟು ಎದ್ದರೆ ತೆರಬೇಕಾದ ಬೆಲೆ. ಆಫೀಸಿನ ಗುಂಪಿಗೆ ಕೈಕೊಟ್ಟರೆ ಸೋಮವಾರ ಹತ್ತು ಜನ ಕೇಳುತ್ತಾರೆ, ಮುಂದಿನ ಸಲ ಕರೆಯದೆಯೂ ಇರಬಹುದು. ಹೊಸ ಪರಿಚಯದವರಿಗೆ ಕೈಕೊಟ್ಟರೆ ಪರಿಚಯವೇ ಮುಗಿಯಬಹುದು. ಹಳೆಯ ಗೆಳತಿಗೆ ಕೈಕೊಟ್ಟರೆ? ‘ಪರವಾಗಿಲ್ಲ ಬಿಡೇ, ರೆಸ್ಟ್ ಮಾಡು’ ಎಂಬ ಉತ್ತರ ಬರುತ್ತದೆ. ಎಲ್ಲಿ ಬೆಲೆ ಕಡಿಮೆಯೋ ಅಲ್ಲಿಯೇ ಮಾತು ತಪ್ಪುವುದು ಸುಲಭ. ಹೀಗೆ ನೋಡಿದರೆ ಸ್ಟೆಪ್ನಿಯಾಗುವವರು ಬಹುಮಟ್ಟಿಗೆ ಒಳ್ಳೆಯ ಸ್ನೇಹಿತರೇ. ಸಿಟ್ಟಾಗದವರು, ಅರ್ಥಮಾಡಿಕೊಳ್ಳುವವರು, ಯಾವಾಗ ಕರೆದರೂ ಬರುವವರು. ಅವರ ಒಳ್ಳೆಯತನವೇ ಅವರ ಸಂಜೆಯನ್ನು ಅಗ್ಗ ಮಾಡಿರುತ್ತದೆ.

ನಾವೂ ಇದನ್ನು ಮಾಡದವರೇನಲ್ಲ. ಶನಿವಾರ ಊರಿಗೆ ಬರುತ್ತೇನೆ ಎಂದು ಅಮ್ಮನಿಗೆ ಹೇಳಿ, ಶುಕ್ರವಾರ ರಾತ್ರಿ ಸ್ನೇಹಿತರು ಎಲ್ಲಿಗೋ ಹೊರಟರೆಂದು ‘ಮುಂದಿನ ವಾರ ಬರ್ತೀನಮ್ಮ’ ಎಂದವರು ನಮ್ಮಲ್ಲೇ ಎಷ್ಟು ಜನ! ಅಮ್ಮನ ಮೇಲೆ ಪ್ರೀತಿ ಕಡಿಮೆ ಎಂದಲ್ಲ. ಅಮ್ಮ ಬೇಜಾರು ಮಾಡಿಕೊಂಡರೂ ಅಮ್ಮನಾಗಿಯೇ ಇರುತ್ತಾಳೆ ಎಂಬ ಭರವಸೆ. ರೊಟ್ಟಿಗೆಂದು ನಾದಿಟ್ಟ ಹಿಟ್ಟು, ಬಸ್ ನಿಲ್ದಾಣಕ್ಕೆ ಬರಲು ತಯಾರಾಗಿದ್ದ ಅಪ್ಪ, ಇವೆಲ್ಲ ಆ ಭರವಸೆಯ ಖರ್ಚಿನ ಬಾಬ್ತು.

ಮೆಸೇಜುಗಳಲ್ಲಿರುವ ದಾಖಲೆ

ಮನಸ್ಸು ನೊಂದಾಗ ನೆನಪನ್ನು ನಂಬುವ ಹಾಗಿಲ್ಲ. ಸಿಟ್ಟಿದ್ದರೆ ಎಲ್ಲ ಸಲವೂ ಕೈಕೊಟ್ಟಂತೆ ಕಾಣುತ್ತದೆ, ಪ್ರೀತಿ ಉಕ್ಕಿದರೆ ಯಾವ ಸಲವೂ ಇಲ್ಲ. ಅದೃಷ್ಟಕ್ಕೆ ಈಗಿನ ಮಾತುಕತೆಯೆಲ್ಲ ಬರಹದಲ್ಲಿ ಇರುತ್ತದೆ, ಗಂಟೆ ನಿಮಿಷದ ಸಮೇತ. ವಾಟ್ಸ್ಆ್ಯಪ್‌ನಲ್ಲಿ ಆ ಒಬ್ಬರ ಚಾಟ್ ತೆರೆದು, ಅದರೊಳಗಿನ ಹುಡುಕು ಆಯ್ಕೆಯಲ್ಲಿ ‘ಸಾರಿ’ ಎಂದು ಅವರು ಬರೆಯುವ ರೀತಿಯಲ್ಲೇ ಟೈಪ್ ಮಾಡಿದರೆ ಬಹುತೇಕ ಎಲ್ಲ ರದ್ದತಿಗಳೂ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಅಕ್ಕನ ಮಗಳಿಗೆ ನಾನು ಹೇಳಿದ್ದು ಇದನ್ನೇ. ಪ್ರತಿಯೊಂದಕ್ಕೂ ನಾಲ್ಕು ವಿಷಯ ಬರೆದುಕೋ ಎಂದೆ. ಕರೆದವರು ಯಾರು? ಎಷ್ಟು ಹೊತ್ತು ಮುಂಚೆ ಬರುವುದಿಲ್ಲ ಎಂದರು? ಬದಲಿಗೆ ಬೇರೆ ದಿನ ಹೇಳಿದರೇ? ಆ ಹೊತ್ತಿನಲ್ಲಿ ಅವರು ಏನು ಮಾಡಿದರು, ನಿನಗೆ ತಾನಾಗಿ ಗೊತ್ತಾಗಿದ್ದರೆ ಮಾತ್ರ.

ನವೆಂಬರಿನಿಂದ ಏಪ್ರಿಲ್‌ವರೆಗಿನ ಲೆಕ್ಕ ತೆಗೆದಾಗ ಒಂಬತ್ತು ಸಲ ಸಿಗುವ ಮಾತಾಗಿತ್ತು. ಏಳು ಸಲ ಕರೆದವಳು ಇವಳು, ಎರಡು ಸಲ ಆ ಗೆಳತಿ. ಇವಳು ಕರೆದ ಏಳರಲ್ಲಿ ಐದು ರದ್ದಾಗಿದ್ದವು.

ಗಾಂಧಿ ಬಜಾರಿಗೆ ಬೆಳಗ್ಗೆ ಎಂಟಕ್ಕೆ ದೋಸೆ ತಿನ್ನಲು ಹೋಗುವುದೆಂದಿತ್ತು, 7.15ಕ್ಕೆ ಮೆಸೇಜ್. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಸಂಜೆ ಆರಕ್ಕೆ ಎಂದಿತ್ತು, ಐದಕ್ಕೆ ಮೆಸೇಜ್. ಕಾರ್ತಿಕದ ಕಡೆಯ ಸೋಮವಾರ ತಪ್ಪಿದರೆ ಅದು ಮತ್ತೆ ಬರುವುದು ಮುಂದಿನ ವರ್ಷವೇ. ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗುವುದು ಎರಡು ದಿನ ಮುಂಚೆಯೇ ರದ್ದಾಯಿತು, ಊರಿನಲ್ಲಿ ಅವಳ ಅಜ್ಜಿಗೆ ಹುಷಾರಿರಲಿಲ್ಲ. ಆಮೇಲೆ ನಾಟಕ, ಎಪ್ಪತ್ತು ನಿಮಿಷ ಮುಂಚೆ. ಕಡೆಯದು ಚಿಕ್ಕಪೇಟೆ. ಅಣ್ಣನ ಮದುವೆಗೆ ಸೀರೆ ಆರಿಸಲು ಹನ್ನೊಂದಕ್ಕೆ ಸಿಗಬೇಕಿತ್ತು, ಇವಳು ಮೆಟ್ರೊ ಹತ್ತಿದ ಮೇಲೆ 10.10ಕ್ಕೆ ಮೆಸೇಜ್ ಬಂದಿತ್ತು.

ಈ ಐದರಲ್ಲಿ ಅಜ್ಜಿಯ ಕಾಯಿಲೆಯದನ್ನು ಬೇರೆಯಾಗಿ ಇಡಬೇಕು. ಅಂಥ ಕಾರಣಕ್ಕೆ ರದ್ದು ಮಾಡುವವರು ವಿಷಯ ತಿಳಿದ ಕೂಡಲೇ ಹೇಳುತ್ತಾರೆ, ಹಾಗಾಗಿ ಅದು ಎರಡು ದಿನ ಮುಂಚೆ ಬಂತು. ಉಳಿದ ನಾಲ್ಕೂ ಹೊರಡುವ ಹೊತ್ತಿಗೆ ಬಂದವು. ಒಂದೊಂದಕ್ಕೂ ಕಾರಣವೇನೋ ಇತ್ತು, ಒಂದೊಂದನ್ನೇ ನೋಡಿದರೆ ಎಲ್ಲವೂ ನಂಬುವಂಥವೇ. ಆದರೆ ತಲೆನೋವಿಗೆ, ನೆಂಟರಿಗೆ, ಆಫೀಸಿನ ಕೆಲಸಕ್ಕೆ ಹೊತ್ತುಗೊತ್ತು ಇರುವುದಿಲ್ಲ. ಕೆಲವು ಹಿಂದಿನ ದಿನ ಬರಬೇಕು, ಕೆಲವು ಬೆಳಗ್ಗೆಯೇ. ಬೇರೆ ಬೇರೆ ಕಾರಣಗಳೆಲ್ಲ ಕೊನೆಯ ಗಂಟೆಯಲ್ಲೇ ಹುಟ್ಟುತ್ತಿದ್ದರೆ, ನಿಜವಾದ ಕಾರಣ ಒಂದೇ ಇರುತ್ತದೆ. ಇನ್ನೂ ಒಳ್ಳೆಯದು ಬರಬಹುದೇ ಎಂದು ಕೊನೆಯ ಗಂಟೆಯ ತನಕ ಕಾಯುವುದು. ನೆಪ ಯಾವುದು ಎಂಬುದಕ್ಕಿಂತ ಅದು ಬಂದ ಹೊತ್ತು ಹೆಚ್ಚು ಹೇಳುತ್ತದೆ.

ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ರದ್ದಾಗದ ನಾಲ್ಕು ಭೇಟಿಗಳು. ಇವಳು ಕರೆದು, ಗೆಳತಿ ಬಂದ ಎರಡರಲ್ಲಿ ಒಂದು ದಿನ ಗೆಳತಿ ಹೊಸ ಮನೆಗೆ ಸಾಮಾನು ಕೊಳ್ಳಬೇಕಿತ್ತು, ಜೊತೆಗೆ ಜನ ಬೇಕಿತ್ತು. ಇನ್ನೊಂದು ದಿನ ಅವಳ ಆಫೀಸಿನವರ ಪ್ರವಾಸ ಮಳೆಯಿಂದ ನಿಂತುಹೋಗಿತ್ತು, ಅದನ್ನು ಅವಳೇ ಹೇಳಿದ್ದಳು. ಗೆಳತಿ ತಾನಾಗಿ ಕರೆದ ಎರಡೂ ಸಲ ಮೆಸೇಜ್ ಬಂದದ್ದು ಅದೇ ದಿನ ಸಂಜೆ ನಾಲ್ಕೂವರೆಯ ಆಸುಪಾಸಿಗೆ: ‘ಏನ್ ಮಾಡ್ತಿದ್ದೀಯೇ? ಫ್ರೀ ಇದ್ದೀಯಾ?’ ಎರಡೂ ಸಲ ಇವಳು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದ್ದಳು. ಎಷ್ಟು ಪ್ರೀತಿ ನೋಡು, ನೆನಪಾದ ಕೂಡಲೇ ಕರೆದಳು ಎಂದುಕೊಂಡಿದ್ದಳಂತೆ.

ರದ್ದತಿ ಎಲ್ಲರ ಕಣ್ಣಿಗೂ ಬೀಳುತ್ತದೆ. ದಿಢೀರ್ ಕರೆ ಮಾತ್ರ ಪ್ರೀತಿಯ ವೇಷದಲ್ಲಿ ಬರುವುದರಿಂದ ಗಮನಕ್ಕೆ ಬರುವುದಿಲ್ಲ. ಆದರೆ ಎರಡೂ ಒಂದೇ ನಾಣ್ಯದ ಎರಡು ಮುಖ. ಬೇರೆ ಕಾರ್ಯಕ್ರಮ ಬಂದಾಗ ನಿಮ್ಮದು ರದ್ದಾಗುತ್ತದೆ, ಬೇರೆಯದು ರದ್ದಾದಾಗ ನಿಮಗೆ ಕರೆ ಬರುತ್ತದೆ. ನಾಲ್ಕು ದಿನ ಮುಂಚೆ, ‘ಗುರುವಾರ ಸಂಜೆ ಸಿಗೋಣವಾ’ ಎಂದು ಅವರಾಗಿ ಕೇಳಿದ ಒಂದಾದರೂ ಸಂದರ್ಭ ಇದೆಯೇ ಎಂದು ಹುಡುಕಿ. ಅಂಥದೊಂದು ಸಿಕ್ಕಿದರೆ ನಿಮ್ಮ ಅನುಮಾನಕ್ಕೆ ಬಲ ಕಡಿಮೆ. ಅಕ್ಕನ ಮಗಳ ಪಟ್ಟಿಯಲ್ಲಿ ಅಂಥದು ಸಿಗಲಿಲ್ಲ.

ಕೆಲ್ಲಿಯ ಮೂರು ಪ್ರಶ್ನೆ

ಪಟ್ಟಿ ಕೈಗೆ ಬಂದ ಮೇಲೂ ತೀರ್ಪಿಗೆ ಅವಸರ ಮಾಡಬಾರದು. ಮೇಲೆ ಹೇಳಿದ ಹೆರಾಲ್ಡ್ ಕೆಲ್ಲಿಯೇ 1967ರಲ್ಲಿ ಇನ್ನೊಂದು ವಿಚಾರವನ್ನು ಮುಂದಿಟ್ಟರು. ಒಬ್ಬರು ಹೀಗೇಕೆ ಮಾಡಿದರು ಎಂದು ತಿಳಿಯಲು ಮನುಷ್ಯರು ಮೂರು ಕಡೆ ಹೋಲಿಸಿ ನೋಡುತ್ತಾರೆ ಎಂಬುದು ಅದರ ಸಾರ. ನಮ್ಮ ವಿಷಯಕ್ಕೆ ಅದನ್ನು ಮೂರು ಪ್ರಶ್ನೆಗಳಾಗಿ ಇಳಿಸಬಹುದು.

ಒಂದು, ಇದು ಯಾವಾಗಲೂ ಆಗುತ್ತದೆಯೇ, ಅಥವಾ ಈಚೆಗಷ್ಟೇ ಶುರುವಾಯಿತೇ? ಮೊದಲೆಲ್ಲ ಸರಿಯಾಗಿದ್ದವರು ಎರಡು ತಿಂಗಳಿನಿಂದ ಹೀಗಾಗಿದ್ದರೆ ಅವರ ಬದುಕಿನಲ್ಲಿ ಏನೋ ನಡೆದಿದೆ. ಹೊಸ ಕೆಲಸ, ಮನೆಯಲ್ಲಿ ಕಾಯಿಲೆ, ಸಾಲ, ಮನಸ್ಸಿನ ಕುಗ್ಗುವಿಕೆ, ಏನಾದರೂ ಇರಬಹುದು. ಅಲ್ಲಿ ಲೆಕ್ಕ ಕೇಳುವ ಬದಲು ‘ಏನಾಯ್ತು?’ ಎಂದು ಕೇಳಬೇಕು.

ಎರಡು, ಅವರು ಎಲ್ಲರಿಗೂ ಹೀಗೇ ಮಾಡುತ್ತಾರೆಯೇ? ಎಲ್ಲರಿಗೂ ಕೈಕೊಡುವವರು ಬೇರೆಯೇ ಜಾತಿ. ಅವರಿಗೆ ಒಪ್ಪಿಕೊಳ್ಳುವಾಗ ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ದಿನ ಹತ್ತಿರ ಬಂದಾಗ ಹೊರಡಲು ಮೈ ಏಳುವುದಿಲ್ಲ. ಇಂಥವರ ಬಗ್ಗೆಯೂ ಅಧ್ಯಯನಗಳಿವೆ. ಗಾಲ್ ಝಾಬರ್‌ಮನ್ ಮತ್ತು ಜಾನ್ ಲಿಂಚ್ 2005ರಲ್ಲಿ ತೋರಿಸಿದಂತೆ, ಮುಂದಿನ ದಿನಗಳಲ್ಲಿ ಈಗಿಗಿಂತ ಹೆಚ್ಚು ಬಿಡುವಿರುತ್ತದೆ ಎಂದು ಜನ ನಂಬುತ್ತಾರೆ. ಹಣದ ವಿಷಯದಲ್ಲಿ ಈ ಭ್ರಮೆ ಅಷ್ಟಿಲ್ಲ, ಸಮಯದ ವಿಷಯದಲ್ಲಿ ಜೋರು. ಜೂಲಿಯನ್ ಗಿವಿ ಮತ್ತು ಕಾಲೀನ್ ಕರ್ಕ್ ಎಂಬ ಸಂಶೋಧಕರು 2023ರಲ್ಲಿ ಕಂಡುಕೊಂಡದ್ದು ಇನ್ನೂ ಸ್ವಾರಸ್ಯಕರವಾಗಿದೆ. ಕರೆದವರಿಗೆ ಬರಲ್ಲ ಎಂದರೆ ಅವರೆಷ್ಟು ನೊಂದುಕೊಳ್ಳುತ್ತಾರೋ ಎಂದು ನಾವು ಊಹಿಸುವಷ್ಟು ಅವರು ನೊಂದುಕೊಳ್ಳುವುದಿಲ್ಲ. ಆ ಸುಳ್ಳು ಭಯದಿಂದ ಹೂಂ ಎಂದು, ಆಮೇಲೆ ಕೈಕೊಡುವವರು ತಮಗೇ ತೊಂದರೆ ತಂದುಕೊಳ್ಳುತ್ತಾರೆ. ಇವರ ಗುರುತು ಏನೆಂದರೆ, ನಿಮಗೆ ಕೈಕೊಟ್ಟ ದಿನ ಇವರು ಬೇರೆಲ್ಲೂ ಹೋಗಿರುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದು ಫೋನ್ ನೋಡುತ್ತಿರುತ್ತಾರೆ.

ಮೂರು, ನಿಮಗೆ ಉಳಿದವರೂ ಹೀಗೇ ಮಾಡುತ್ತಾರೆಯೇ? ಇದನ್ನು ಕೇಳಿಕೊಳ್ಳಲು ಸ್ವಲ್ಪ ಧೈರ್ಯ ಬೇಕು. ಹಲವರು ನಿಮ್ಮ ಕಾರ್ಯಕ್ರಮಗಳನ್ನೇ ತಪ್ಪಿಸಿಕೊಳ್ಳುತ್ತಿದ್ದರೆ ತೊಡಕು ಕಾರ್ಯಕ್ರಮದಲ್ಲಿರಬಹುದು. ವೈಟ್‌ಫೀಲ್ಡಿನವರನ್ನು ಪ್ರತಿ ಸಲ ಜಯನಗರಕ್ಕೆ ಕರೆದರೆ ಅವರ ಅರ್ಧ ಭಾನುವಾರ ರಸ್ತೆಯಲ್ಲೇ ಮುಗಿಯುತ್ತದೆ. ಸಂಬಳ ಕಡಿಮೆಯಿರುವ ಸ್ನೇಹಿತರನ್ನು ದುಬಾರಿ ಹೋಟೆಲಿಗೆ ಕರೆದರೆ, ದುಡ್ಡಿಲ್ಲ ಎನ್ನಲಾಗದೆ ತಲೆನೋವು ಎನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ಸಂಜೆ ಏಳರ ಮೇಲೆ ಹೊರಗೆ ಹೋಗಲು ಮನೆಯಲ್ಲಿ ಏನೆನ್ನುತ್ತಾರೋ ಎಂದು ಅಂಜುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ಕಡೆಯ ತನಕ ನೋಡಿ, ಒಪ್ಪಿಗೆ ಸಿಗದೆ, ಅದನ್ನು ಹೇಳಿಕೊಳ್ಳಲೂ ಆಗದೆ ‘ಸಾರಿ’ ಎನ್ನುತ್ತಾರೆ. ಎಳೆಮಗುವಿನ ತಾಯಿಯ ರದ್ದತಿಗಳೆಲ್ಲ ಕೊನೆಯ ಗಂಟೆಯಲ್ಲೇ ಆಗುತ್ತವೆ, ಮಗುವಿಗೆ ಜ್ವರ ಬರುವುದು ಹೇಳಿಕೇಳಿ ಅಲ್ಲವಲ್ಲ. ಇವರನ್ನು ಪರೀಕ್ಷಿಸುವುದು ಸುಲಭ. ಒಂದು ಸಲ ಅವರಿರುವ ಕಡೆಗೇ, ಅವರಿಗೆ ಅನುಕೂಲವಾದ ಹೊತ್ತಿಗೆ, ಖರ್ಚಿಲ್ಲದ ಭೇಟಿಗೆ ನೀವೇ ಹೋಗಿ. ತೊಡಕು ದಾರಿಯದೋ ದುಡ್ಡಿನದೋ ಮನೆಯದೋ ಆಗಿದ್ದರೆ ಅವರು ಖಂಡಿತ ಸಿಗುತ್ತಾರೆ, ಖುಷಿಯಿಂದಲೇ ಸಿಗುತ್ತಾರೆ.

ಅಕ್ಕನ ಮಗಳ ಉತ್ತರಗಳು ಹೀಗಿದ್ದವು. ಆರು ತಿಂಗಳು ಒಂದೇ ಸಮನೆ ನಡೆದಿದೆ. ಉಳಿದ ಗೆಳತಿಯರು ಇವಳಿಗೆ ಕೈಕೊಡುವುದಿಲ್ಲ. ಆ ಗೆಳತಿಯೂ ಉಳಿದವರಿಗೆ ಕೈಕೊಡುವವಳಲ್ಲ. ಆಫೀಸಿನವರ ಜೊತೆ ನಂದಿ ಬೆಟ್ಟಕ್ಕೆ ಹೊರಡಬೇಕೆಂದು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಗೇಟಿನ ಮುಂದೆ ನಿಂತಿರುತ್ತಾಳೆ. ಬೆಳಗ್ಗೆ ಎಂಟರ ದೋಸೆಗೆ ಏಳಲಾಗದವಳು ನಾಲ್ಕಕ್ಕೆ ಏಳುತ್ತಾಳೆ ಎಂದರೆ ಇದು ನಿದ್ದೆಯ ಪ್ರಶ್ನೆಯಲ್ಲ. ಕೆಲ್ಲಿಯ ಲೆಕ್ಕದಲ್ಲಿ ಉತ್ತರಗಳು ಹೀಗೆ ಬಂದರೆ ಕಾರಣ ಅವಳೊಬ್ಬಳ ಸ್ವಭಾವದಲ್ಲಿಲ್ಲ, ಇವಳೊಬ್ಬಳ ಕೊರತೆಯಲ್ಲೂ ಇಲ್ಲ. ಇಬ್ಬರ ನಡುವೆ ಬಿದ್ದಿರುವ ರೂಢಿಯಲ್ಲಿದೆ. ರೂಢಿಯನ್ನು ಇಬ್ಬರೂ ಸೇರಿ ಬೆಳೆಸಿರುತ್ತಾರೆ. ಹಾಗಾಗಿ ಒಬ್ಬರು ಬದಲಿಸಿದರೂ ಅದು ಅಲುಗಾಡುತ್ತದೆ.

ಬಿಡಲಾಗದಿರುವುದು ಯಾಕೆ

ಇಷ್ಟೆಲ್ಲ ಗೊತ್ತಿದ್ದರೂ ಮತ್ತೆ ಕರೆ ಬಂದಾಗ ಓಡುತ್ತೇವಲ್ಲ, ಯಾಕೆ? ಬಂದಾಗ ಅವರು ನಿಜಕ್ಕೂ ಚೆನ್ನಾಗಿರುತ್ತಾರೆ ಎಂಬುದು ಒಂದು ಕಾರಣ. ಅವತ್ತಿನ ನಗು, ಹಳೆಯ ಹಾಸ್ಟೆಲ್ ಕಥೆಗಳು ಯಾವುದೂ ನಾಟಕವಲ್ಲ. ಇನ್ನೊಂದು ಕಾರಣವನ್ನು ಬಿ.ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ ಪಾರಿವಾಳಗಳಲ್ಲಿ ಕಂಡು, 1957ರ ತಮ್ಮ ಪುಸ್ತಕದಲ್ಲಿ ವಿವರವಾಗಿ ದಾಖಲಿಸಿದರು. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಪಾರಿವಾಳ, ಕಾಳು ನಿಂತ ಮೇಲೆ ಬೇಗ ಸುಮ್ಮನಾಗುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದಂತೆ ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದ ಪಾರಿವಾಳ ಮಾತ್ರ ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಒಂಬತ್ತರಲ್ಲಿ ನಾಲ್ಕು ಸಲ ಸಿಕ್ಕ ಗೆಳತಿಯನ್ನು ಬಿಡುವುದು, ಯಾವಾಗಲೂ ಸಿಗುತ್ತಿದ್ದು ಒಮ್ಮೆಲೇ ನಿಂತವಳನ್ನು ಬಿಡುವುದಕ್ಕಿಂತ ಕಷ್ಟ. ಇದು ನಿಮ್ಮ ದೌರ್ಬಲ್ಯವಲ್ಲ, ಕಲಿಕೆಯ ಗುಣವೇ ಹಾಗೆ.

ಬೆಲೆ ಸ್ವಲ್ಪ ಏರಿಸುವುದು

ಇಂಥ ಹೊತ್ತಿನಲ್ಲಿ ಪಟ್ಟಿ ಹಿಡಿದು ಜಗಳಕ್ಕೆ ಹೋಗಬೇಡಿ. ತಾರೀಖು, ಗಂಟೆ ಸಮೇತ ಆಪಾದನೆ ಮಾಡಿದರೆ ಎದುರಿನವರು ಒಂದೊಂದಕ್ಕೂ ಸಮಜಾಯಿಷಿ ಕೊಡುತ್ತಾರೆ. ಪ್ರತಿಯೊಂದು ಸಮಜಾಯಿಷಿಯೂ ಸರಿಯೆನಿಸಿ ಕಡೆಗೆ ನೀವೇ ಕ್ಷಮೆ ಕೇಳಿ ಬರುತ್ತೀರಿ. ಪಟ್ಟಿ ಇರುವುದು ನಿಮ್ಮ ಅನುಮಾನ ಪರಿಹಾರಕ್ಕೆ. ಮಾತಿಗೆ ಒಂದೇ ವಾಕ್ಯ ಸಾಕು. ಅಕ್ಕನ ಮಗಳು ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ನೋಡೇ, ನೀನು ಹೊರಡೋ ಹೊತ್ತಿಗೆ ಬರಲ್ಲ ಅಂದ್ರೆ ನನ್ನ ಇಡೀ ದಿನ ಹಾಳಾಗುತ್ತೆ. ಬರೋಕಾಗಲ್ಲ ಅಂದ್ರೆ ಮೊದಲೇ ಹೇಳು, ಬೇಜಾರಿಲ್ಲ.’

ಆ ಕಡೆಯಿಂದ ಬಂದ ಉತ್ತರ ನನಗೆ ಮರೆಯುವುದಿಲ್ಲ. ‘ಅಯ್ಯೋ, ನೀನು ಬೇಜಾರು ಮಾಡ್ಕೊಳ್ಳಲ್ಲ ಅಂತಾನೇ ಅಲ್ವೇನೇ ನಾನು ನಿನಗೆ ಹೇಳೋದು? ಅವರಿಗೆಲ್ಲ ಹಾಗೆ ಹೇಳೋಕಾಗುತ್ತಾ?’ ಅವಳು ಸುಳ್ಳು ಹೇಳಲಿಲ್ಲ. ತನ್ನ ಲೆಕ್ಕವನ್ನು ತನಗೇ ತಿಳಿಯದೆ ಬಿಚ್ಚಿಟ್ಟಿದ್ದಳು.

ಲೆಕ್ಕ ಬೆಲೆಯದಾದರೆ ಪರಿಹಾರವೂ ಅಲ್ಲೇ ಇರಬೇಕು. ಇವಳು ಮೂರು ಬದಲಾವಣೆ ಮಾಡಿಕೊಂಡಳು. ಮೊದಲನೆಯದಾಗಿ, ಒಪ್ಪಿಗೆಗೆ ಗಡುವು ಇಟ್ಟಳು. ‘ಭಾನುವಾರಕ್ಕೆ ಟಿಕೆಟ್ ತಗೋತಿದ್ದೀನಿ, ಬುಧವಾರ ರಾತ್ರಿಯೊಳಗೆ ಹೇಳು, ಇಲ್ಲದಿದ್ದರೆ ಬೇರೆಯವರನ್ನು ಕರೀತೀನಿ’ ಎಂದು ಹೇಳಿ, ಉತ್ತರ ಬಾರದಿದ್ದಾಗ ನಿಜವಾಗಿಯೂ ಬೇರೆಯವರನ್ನು ಕರೆದಳು. ‘ನೋಡೋಣ’ ಎಂಬುದನ್ನು ಒಪ್ಪಿಗೆಯೆಂದು ಎಣಿಸುವುದನ್ನು ಬಿಟ್ಟಳು. ಗಡುವು ಹಾಕಿ ಅದನ್ನು ತಾನೇ ಸಡಿಲಿಸಿದರೆ ಮೊದಲಿಗಿಂತ ಕಷ್ಟ, ಯಾಕೆಂದರೆ ನಿಮ್ಮ ಗಡುವಿಗೂ ಬೆಲೆಯಿಲ್ಲ ಎಂದು ಆಮೇಲೆ ಅವರಿಗೆ ಗೊತ್ತಾಗಿಬಿಡುತ್ತದೆ.

ಎರಡನೆಯದಾಗಿ, ಆ ಗೆಳತಿಯೊಬ್ಬಳನ್ನೇ ನಂಬಿ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಲಿಲ್ಲ. ಮೂರ್ನಾಲ್ಕು ಜನ ಸೇರುವ ಕಡೆ ಅವಳನ್ನೂ ಕರೆದಳು. ಬಂದರೆ ಸಂತೋಷ, ಬಾರದಿದ್ದರೂ ಸಂಜೆ ನಡೆಯುತ್ತದೆ. ಇಬ್ಬರೇ ಹೋಗುವ ಸೀರೆ ಆರಿಸುವಂಥ ಕೆಲಸಕ್ಕೆ ಮಾತಿಗೆ ನಿಲ್ಲುವವರನ್ನು ಕರೆದಳು.

ಮೂರನೆಯದೇ ಹೆಚ್ಚು ಕಷ್ಟದ್ದು. ನಾಲ್ಕೂವರೆಯ ಮೆಸೇಜಿಗೆ ಓಡುವುದನ್ನು ನಿಲ್ಲಿಸಬೇಕಿತ್ತು. ಮತ್ತೆ ಒಂದು ಶನಿವಾರ ‘ಫ್ರೀ ಇದ್ದೀಯಾ?’ ಬಂದಾಗ ಇವಳು ಬರೆದದ್ದು ಹೀಗೆ: ‘ಇವತ್ತು ಆಗಲ್ಲ ಕಣೇ. ಮಂಗಳವಾರ ಏಳಕ್ಕೆ ನಿನ್ನ ಆಫೀಸಿನ ಹತ್ತಿರವೇ ಬರ್ತೀನಿ, ಆಗುತ್ತಾ?’ ಇಲ್ಲ ಎನ್ನುವುದರ ಜೊತೆಗೆ ದಿನ, ಹೊತ್ತು, ಜಾಗ ಮೂರನ್ನೂ ಕೊಟ್ಟದ್ದರಿಂದ ಅದು ಸೇಡಿನಂತೆ ಕಾಣಲಿಲ್ಲ. ಬಿಡುವಿದ್ದರೂ ಬಿಡುವಿಲ್ಲ ಎಂದು ಸುಳ್ಳು ಹೇಳಬೇಕಾಗಿಲ್ಲ. ‘ಇವತ್ತು ಆಗಲ್ಲ’ ಎಂಬುದಕ್ಕೆ ಕಾರಣ ಕೊಡಲೇಬೇಕೆಂದು ಯಾವ ಕಾನೂನಿದೆ?

ಇಂಥ ಬದಲಾವಣೆಗೆ ಎದುರಿನವರು ಎರಡು ರೀತಿಯಲ್ಲಿ ಸ್ಪಂದಿಸಬಹುದು. ಕೆಲವರಿಗೆ ತಾವು ಮಾಡುತ್ತಿದ್ದದ್ದು ಅರಿವಿಗೆ ಬಂದು ಸರಿಹೋಗುತ್ತಾರೆ. ಕೆಲವರು ಸದ್ದಿಲ್ಲದೆ ಮಾಯವಾಗುತ್ತಾರೆ. ಈಗ ಬೇರೆ ಸ್ಟೆಪ್ನಿ ಹುಡುಕಿಕೊಂಡಿರುತ್ತಾರೆ. ಎರಡರಲ್ಲಿ ಯಾವುದಾದರೂ ನಿಮಗೆ ಉತ್ತರ ಸಿಕ್ಕಂತೆಯೇ. ಆ ಗೆಳತಿ ಮಂಗಳವಾರ ಬಂದಳು. ಆಮೇಲೆ ಒಂದು ಸಲ ತಾನಾಗಿ ಎರಡು ದಿನ ಮುಂಚೆ ಕೇಳಿದಳು, ಒಂದು ಸಲ ಮತ್ತೆ ಕೈಕೊಟ್ಟಳು, ಆದರೆ ಹಿಂದಿನ ದಿನವೇ ಹೇಳಿ. ಹಾಸ್ಟೆಲಿನ ದಿನಗಳ ಹತ್ತಿರತನ ವಾಪಸು ಬಂದಿಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಗುಂಪಿನಲ್ಲಿ ಸಿಗುತ್ತಾರೆ, ನಗುತ್ತಾರೆ, ಅವರವರ ಮನೆಗೆ ಹೋಗುತ್ತಾರೆ. ಗೆಳೆತನ ಸಣ್ಣದಾಗಿದೆ, ಆದರೆ ಅದರಲ್ಲಿ ಈಗ ಕಾಯುವ ಕೆಲಸವಿಲ್ಲ. ಇಷ್ಟೇ ಆಗುವುದಾದರೂ ಆರು ತಿಂಗಳು ಮೆಸೇಜಿಗೆ ಹೆದರಿಕೊಂಡು ಹೊರಡುವುದಕ್ಕಿಂತ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕೊನೆಯದಾಗಿ ಒಂದು ಮಾತು. ಮುಂದಿನ ಸಲ ಯಾರಾದರೂ ಹೊರಡುವ ಹೊತ್ತಿಗೆ ‘ಸಾರಿ’ ಎಂದಾಗ ಕಾರಣ ಕೇಳಬೇಡಿ. ಕಾರಣ ಎಲ್ಲರ ಹತ್ತಿರವೂ ಇರುತ್ತದೆ. ‘ಹಾಗಾದರೆ ಯಾವತ್ತು?’ ಎಂದು ಕೇಳಿ. ಬರಲು ಮನಸ್ಸಿದ್ದವರು ದಿನ ಹೇಳುತ್ತಾರೆ, ಆ ದಿನ ಬರುತ್ತಾರೆ. ‘ಮುಂದಿನ ವಾರ ಪಕ್ಕಾ’ ಎಂದಷ್ಟೇ ಉತ್ತರ ಬಂದರೆ, ನಿಮ್ಮ ಮುಂದಿನ ವಾರವನ್ನು ಬೇರೆಯವರಿಗೆ ಕೊಟ್ಟುಬಿಡಿ.